ಹೋದ ಗ್ರಾಹಕರನ್ನ ಹುಡುಕೋವಾಗ ದಿನ ಎಲ್ಲಿಂದ ಎಣಿಸ್ತೀರಿ?

ಆನ್‌ಲೈನ್ ದಿನಸಿ ಕಂಪನಿಗಳಿಗೆ ಡೇಟಾ ನೋಡಿಕೊಡೋದು ನನ್ನ ಕೆಲಸ. ಬಿಟ್ಟುಹೋದ ಗ್ರಾಹಕರನ್ನ ವಾಪಸ್ ಕರೆಯೋಕೆ ಕೂಪನ್ ಕಳಿಸ್ಬೇಕು, ಯಾರಿಗೆ ಕಳಿಸೋದು ಅಂತ ಆರ್‌ಎಫ್‌ಎಂ ಸ್ಕೋರ್ ಹಾಕಿದೀವಿ ಅಂತ ಶೀಟ್ ತಂದು ಕೊಡ್ತಾರೆ. ಕೊನೇ ಆರ್ಡರ್ ಆಗಿ ಎಷ್ಟು ದಿನ ಆಯ್ತು, ಎಷ್ಟು ಸಲ ಆರ್ಡರ್ ಮಾಡಿದ್ರು, ಎಷ್ಟು ದುಡ್ಡು ಖರ್ಚು ಮಾಡಿದ್ರು, ಮೂರಕ್ಕೂ 1ರಿಂದ 5ರವರೆಗೆ ಅಂಕ. ಅಲ್ಲಿವರೆಗೂ ಸರಿ. ಆಮೇಲೆ ಬಹುತೇಕ ಎಲ್ಲರೂ ಒಂದೇ ಕಡೆ ಎಡವುತಾರೆ, ಮೂರನ್ನೂ ಇವತ್ತಿಂದ ಹಿಂದಕ್ಕೆ 90 ದಿನ ಅಂತ ಎಣಿಸ್ತಾರೆ.

ಒಂದು ಲೆಕ್ಕ ನೋಡಿ. ಇವತ್ತು ಮೇ 10 ಅಂತಿಟ್ಕೊಳ್ಳಿ. ಒಬ್ಬರು ಐದು ದಿನಕ್ಕೊಂದು ಸಲ ಹಾಲು, ಮೊಸರು, ತರಕಾರಿ ಅಂತ ₹600ರಷ್ಟು ತರಿಸ್ತಿದ್ರು, ಮಾರ್ಚ್ 10ಕ್ಕೆ ನಿಲ್ಲಿಸಿಬಿಟ್ರು. 61 ದಿನ ಸದ್ದಿಲ್ಲ. ಇವತ್ತಿಂದ ಹಿಂದಕ್ಕೆ 90 ದಿನ ಎಣಿಸಿದ್ರೆ ಅವರ ಲೆಕ್ಕಕ್ಕೆ ಬರೋದು ಬರೀ 6 ಆರ್ಡರ್, ₹3,600. ಅದೇ ಅವರ ಕೊನೇ ಆರ್ಡರ್‌ನಿಂದ ಹಿಂದಕ್ಕೆ 90 ದಿನ ಎಣಿಸಿ, 18 ಆರ್ಡರ್, ₹10,800! ಮನುಷ್ಯರು ಅವರೇ, ಆದ್ರೆ ಬರದೇ ಇದ್ದ ದಿನಗಳನ್ನೂ ಸೇರಿಸಿ ಎಣಿಸಿದ್ದಕ್ಕೆ ಒಳ್ಳೇ ಗ್ರಾಹಕರು ಸಾಧಾರಣ ಗ್ರಾಹಕರಾಗಿ ಕಾಣ್ತಾರೆ. ಬರ್ತಿಲ್ಲ ಅನ್ನೋದನ್ನ ಮೊದಲನೇ ಅಂಕದಲ್ಲಿ ಒಂದು ಸಲ ಎಣಿಸಿ ಆಯ್ತಲ್ಲ, ಅದನ್ನೇ ಮತ್ತೆ ಎರಡನೇದ್ರಲ್ಲಿ, ಮೂರನೇದ್ರಲ್ಲಿ ಯಾಕ್ರೀ ಎಣಿಸ್ಬೇಕು?

ಬೆಂಗಳೂರಿನ ಒಂದು ಕಡೆ ಇದೇ ಆಯ್ತು. ಬಿಟ್ಟುಹೋದವರಲ್ಲಿ ಆರ್ಡರ್ ಸಂಖ್ಯೆಗೂ ಖರ್ಚಿಗೂ 4 ಅಥವಾ 5 ಇರೋರು ಬೇಕು ಅಂತ ಹುಡುಕಿದ್ರೆ ಹೆಚ್ಚು ಜನ ಸಿಗ್ಲೇ ಇಲ್ಲ. ಆಗ ಅವರು ಸಂಖ್ಯೆ ಬಿಟ್ಟು ಬರೀ ಖರ್ಚು ನೋಡಿ ಪಟ್ಟಿ ಮಾಡಿದ್ರು. ನಾನು ಪಟ್ಟಿ ತಗೊಂಡು ನಾಲ್ಕೈದು ಜನರ ಆರ್ಡರ್ ತೆಗೆದು ನೋಡ್ದೆ, 20 ಕೆಜಿ ಅಕ್ಕಿ, ಹತ್ತು ಲೀಟರ್ ಎಣ್ಣೆ, ಕೆಜಿಗಟ್ಟಲೆ ಬೆಲ್ಲ, ಎಲ್ಲ ಒಂದೇ ದಿನ. ಕಸ್ಟಮರ್ ಕೇರ್ ಹುಡುಗಿ ಒಬ್ಬರಿಗೆ ಫೋನ್ ಮಾಡಿದ್ರೆ, 'ಗೃಹಪ್ರವೇಶಕ್ಕೆ ತರಿಸಿದ್ವಮ್ಮ, ಅಷ್ಟೇ' ಅಂದ್ರು. ಅವರು ಬಿಟ್ಟುಹೋದ ಗ್ರಾಹಕರೇ ಅಲ್ಲ, ವಾಪಸ್ ಕರೆಯೋದೇನಿದೆ.

ಹಾಗಾಗಿ ಸಂಖ್ಯೆ, ಖರ್ಚು ಎರಡನ್ನೂ ಒಬ್ಬೊಬ್ಬರ ಕೊನೇ ಆರ್ಡರ್‌ನಿಂದ ಹಿಂದಕ್ಕೆ ಎಣಿಸಿ. ಇವತ್ತಿನ ದಿನಾಂಕ ಬೇಕಾಗೋದು ಎಷ್ಟು ದಿನ ಆಯ್ತು ಅನ್ನೋದಕ್ಕೆ ಮಾತ್ರ. ಕ್ಯಾನ್ಸಲ್ ಆದ ಆರ್ಡರ್ ತೆಗೆದುಹಾಕಿ, ಮನೆಗೆ ತಲುಪಿದ್ದನ್ನಷ್ಟೇ ಎಣಿಸಿ.

ಆ 'ಎಷ್ಟು ದಿನ'ಕ್ಕೂ ಎಲ್ಲರಿಗೂ ಒಂದೇ ಗೆರೆ ಎಳೀಬೇಡಿ. ತಿಂಗಳಿಗೊಂದು ಸಲ ರೇಷನ್ ತರಿಸೋ ಮನೆ 28 ದಿನ ಸುಮ್ನಿದ್ರೆ ಅದು ಮಾಮೂಲಿ, ನಾಡಿದ್ದು ತಾವಾಗೇ ಬರ್ತಾರೆ, ಅವರಿಗೆ ಕೂಪನ್ ಕೊಟ್ರೆ ಹೇಗೂ ಬರ್ತಿದ್ದ ದುಡ್ಡಲ್ಲಿ ಕಡಿತ ಮಾಡ್ಕೊಂಡ ಹಾಗೆ. ಐದು ದಿನಕ್ಕೊಮ್ಮೆ ತರಿಸೋರು 28 ದಿನ ಬರ್ಲಿಲ್ಲ ಅಂದ್ರೆ ಏನೋ ಆಗಿದೆ. ನಾನು ಮಾಡೋದು ಇಷ್ಟೇ, ಅವರ ಎರಡು ಆರ್ಡರ್ ಮಧ್ಯದ ಅಂತರಗಳನ್ನ ಸಾಲಾಗಿ ಜೋಡಿಸಿ ನಡುವಿನದ್ದನ್ನ ತಗೊಂಡು, ಸುಮ್ನಿರೋ ದಿನಗಳನ್ನ ಅದರಿಂದ ಭಾಗಿಸ್ತೀನಿ. ಮೂರು ದಾಟಿದ್ರೆ ಗಮನ ಕೊಡ್ತೀನಿ. ಮೂರು ಅನ್ನೋದು ನನ್ನ ರೂಢಿ, ನಿಮ್ಮ ಡೇಟಾದಲ್ಲಿ ನೋಡಿ ಬದಲಾಯಿಸ್ಕೊಳ್ಳಿ. ಐದಾರು ಆರ್ಡರ್ ಕೂಡ ಇಲ್ಲದವರಿಗೆ ಈ ಲೆಕ್ಕ ನಂಬೋ ಹಾಗಿಲ್ಲ. ಮತ್ತೆ ಏಪ್ರಿಲ್-ಮೇನಲ್ಲಿ ಮಕ್ಕಳಿಗೆ ರಜಾ, ಅರ್ಧ ಜನ ಊರಿಗೆ ಹೋಗಿರ್ತಾರೆ, ಆಗ ಪಟ್ಟಿ ಸುಮ್ನೆ ಉದ್ದ ಆಗುತ್ತೆ, ಶಾಲೆ ಶುರುವಾದ್ಮೇಲೆ ಇನ್ನೊಂದು ಸಲ ಓಡಿಸಿ ನೋಡೋದು ವಾಸಿ.

ಪಟ್ಟಿ ಆದ್ಮೇಲೆ ನೂರರಲ್ಲಿ ಇಪ್ಪತ್ತು ಜನರನ್ನ ಚೀಟಿ ಎತ್ತಿದ ಹಾಗೆ ಆರಿಸಿ ಬಿಟ್ಟುಬಿಡಿ, ಏನೂ ಕಳಿಸ್ಬೇಡಿ. ಅವರಲ್ಲಿ ತಾವಾಗೇ ವಾಪಸ್ ಬಂದವರೆಷ್ಟು ಅಂತ ಗೊತ್ತಿಲ್ಲದೆ ಕೂಪನ್ ಕೆಲಸ ಮಾಡ್ತು ಅಂತ ಹೇಳೋಕೆ ಬರಲ್ಲ. ಕೂಪನ್‌ಗೆ ಕನಿಷ್ಠ ಮೊತ್ತನೂ ಅವರ ಮಾಮೂಲಿ ಬುಟ್ಟಿಗೆ ಹೊಂದಿರ್ಲಿ, ₹600 ತರಿಸೋರಿಗೆ ₹1,499ರ ಮೇಲೆ ರಿಯಾಯ್ತಿ ಅಂದ್ರೆ ಅವರು ತಿರುಗಿ ನೋಡಲ್ಲ.

ಆ ಬೆಂಗಳೂರಿನವರಿಗೆ ಪಟ್ಟಿ ಹೊಸದಾಗಿ ಮಾಡಿಕೊಟ್ಟೆ. ಕೂಪನ್ ಕಳಿಸೋ ಮುಂಚೆ ಪಟ್ಟಿಯ ಮೊದಲ ಇಪ್ಪತ್ತು ಜನಕ್ಕೆ ಫೋನ್ ಮಾಡಿ ಅಂತ ಹಠ ಹಿಡಿದೆ. ಒಂದೇ ಬಡಾವಣೆಯ ಏಳೆಂಟು ಮನೆಯವರು ಒಂದೇ ಮಾತು ಹೇಳಿದ್ರು, ಮುಂಚೆ ಆರು ಗಂಟೆಗೆ ಬರ್ತಿದ್ದ ಹಾಲು ಎಂಟಕ್ಕೆ ಬರೋಕೆ ಶುರುವಾಯ್ತು, ಅಷ್ಟೊತ್ತಿಗೆ ಮಕ್ಕಳು ಸ್ಕೂಲ್ ಬಸ್ ಹತ್ತಿ ಆಗಿರ್ತಿತ್ತು, ಕೊನೆಗೆ ಪಕ್ಕದ ಬೂತ್‌ನಲ್ಲೇ ತಗೊಳ್ಳೋದು ರೂಢಿ ಆಯ್ತು ಅಂತ. ಆ ಬಡಾವಣೆಗೆ ಕೂಪನ್ ನಿಲ್ಲಿಸಿ, ಮೊದಲು ಬೆಳಗಿನ ಡೆಲಿವರಿ ಹೊತ್ತು ಸರಿ ಮಾಡಿಸಿದ್ವಿ.