31ರ ಜಾಗದಲ್ಲಿ ಯಾವ ಸಂಖ್ಯೆ?

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಒಂದು ಸಂಜೆ ಏಕಾಏಕಿ ಮಂಕಾಯಿತು. ಬಂದ ಮನವಿಗಳು ಬೆರಳೆಣಿಕೆಯಷ್ಟು, ಆದರೂ ಪ್ರೊಸೆಸರ್‌ಗೆ ಬಿಡುವಿಲ್ಲ. ಥ್ರೆಡ್‌ಗಳ ಸ್ಥಿತಿಯನ್ನು ನಾಲ್ಕೈದು ಬಾರಿ ತೆಗೆದು ನೋಡಿದೆ. ಪ್ರತಿ ಸಲವೂ ಅದೇ ಸಾಲು: ನಾವೇ ಬರೆದ ಹ್ಯಾಶ್ ಕೋಷ್ಟಕಕ್ಕೆ ಫಾರ್ಮಿನ ಹೆಸರುಗಳನ್ನು ಸೇರಿಸುವ ಸಾಲು.

ಪ್ರತಿ ಹೆಸರಿನಿಂದ ಹ್ಯಾಶ್ ಎಂಬ ಒಂದು ಸಂಖ್ಯೆಯನ್ನು ಲೆಕ್ಕಹಾಕಿ, ಅದು ಹೇಳಿದ ಖಾನೆಯಲ್ಲಿ ಹೆಸರನ್ನು ಇಡುವ ಕೋಷ್ಟಕ ಅದು. ಆ ಲೆಕ್ಕಕ್ಕೆ ಜಾವಾದ `hashCode` ಮಾಡುವುದನ್ನೇ ನಾವೂ ಮಾಡಿದ್ದೆವು. ಇಲ್ಲಿಯವರೆಗಿನ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಅಕ್ಷರದ ಸಂಕೇತವನ್ನು ಕೂಡಿಸುವುದು, ಅಷ್ಟೇ. `Aa` ಎಂದರೆ 65×31+97 = 2112. `BB` ಎಂದರೆ 66×31+66, ಅದೂ 2112. ಈ ಎರಡು ತುಣುಕುಗಳನ್ನು ಹದಿನಾರು ಸಲ ಬೇಕಾದಂತೆ ಜೋಡಿಸಿದರೆ 65,536 ಬೇರೆ ಬೇರೆ ಹೆಸರುಗಳಾಗುತ್ತವೆ, ಎಲ್ಲದರ ಹ್ಯಾಶ್ ಒಂದೇ. ಎಲ್ಲವೂ ಒಂದೇ ಖಾನೆಯ ಸರಪಳಿಗೆ ಬೀಳುತ್ತವೆ. ಹೊಸದಾಗಿ ಬಂದ ಪ್ರತಿ ಹೆಸರನ್ನು ಹಳೆಯವೆಲ್ಲದರ ಜೊತೆ ಹೋಲಿಸಬೇಕು: ಸುಮಾರು 215 ಕೋಟಿ ಹೋಲಿಕೆ. ಬೇಕೆಂದೇ ಇವನ್ನು ಕಳುಹಿಸಿದ ಶತ್ರುವಿಗೆ ತಗಲಿದ್ದು ಎರಡು ಎಂಬಿಯಷ್ಟು ಅಕ್ಷರಗಳು.

ಮೊದಲು ನಾನು ಮಾಡಿದ ತಿದ್ದುಪಡಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸೊನ್ನೆಯ ಬದಲು ಗುಟ್ಟಾದ ಯಾದೃಚ್ಛಿಕ ಸಂಖ್ಯೆಯಿಂದ ಲೆಕ್ಕ ಶುರುಮಾಡಿದೆ. ಏನೂ ಬದಲಾಗಲಿಲ್ಲ. ಒಂದೇ ಉದ್ದದ ಎರಡು ಹೆಸರುಗಳಿಗೆ ಆ ಆರಂಭ ಸಂಖ್ಯೆ ಸೇರಿಸುವುದು ಒಂದೇ ಮೊತ್ತವನ್ನು. ಮೊದಲು ಸಮವಾಗಿದ್ದವು ಆಮೇಲೂ ಸಮವಾಗಿಯೇ ಉಳಿದವು.

ಬದಲಾಗಬೇಕಾದದ್ದು ಗುಣಕ. 31ರ ಜಾಗದಲ್ಲಿ a ಎಂದಿಟ್ಟು ನೋಡಿ: `Aa` ಮತ್ತು `BB` ಸಮವಾಗಬೇಕಾದರೆ 65a+97 = 66a+66, ಅಂದರೆ a = 31. ಶತ್ರುವಿನ ಇಡೀ ಶ್ರಮ ನಿಂತಿರುವುದು ಆ ಒಂದೇ ಸಂಖ್ಯೆಯ ಮೇಲೆ! ಲೆಕ್ಕವನ್ನು 2⁶¹−1 ಎಂಬ ಅವಿಭಾಜ್ಯದ ಶೇಷದಲ್ಲಿ ಮಾಡಿ, a ಅನ್ನು ಪ್ರೋಗ್ರಾಂ ಶುರುವಾದಾಗ ಯಾದೃಚ್ಛಿಕವಾಗಿ ಆರಿಸಿದರೆ, 32 ಅಕ್ಷರದ ಯಾವ ಎರಡು ಹೆಸರುಗಳನ್ನು ತಂದರೂ ಅವುಗಳ ಹ್ಯಾಶನ್ನು ಸಮವಾಗಿಸುವ a ಬೆಲೆಗಳ ಎಣಿಕೆ ಹೆಚ್ಚೆಂದರೆ 31. ಬಹುಪದಿಗೆ ಅದರ ಘಾತಕ್ಕಿಂತ ಹೆಚ್ಚು ಮೂಲಗಳಿರುವುದಿಲ್ಲ ಎಂಬ ಶಾಲೆಯ ಬೀಜಗಣಿತವೇ ಇದು. ಅವಿಭಾಜ್ಯವನ್ನು ಬಿಟ್ಟು 2ರ ಘಾತದ ಶೇಷ ತೆಗೆದುಕೊಂಡರೆ ಈ ಮಾತು ನಿಲ್ಲುವುದಿಲ್ಲ. ಯಾವ ಗುಣಕ ಹಾಕಿದರೂ ಸಮವಾಗುವ ಉದ್ದನೆಯ ಹೆಸರುಗಳನ್ನು ಅಲ್ಲಿ ಕಟ್ಟಬಹುದು.

ಹೀಗೆ ಬಂದ ದೊಡ್ಡ ಸಂಖ್ಯೆ x ಅನ್ನು m ಖಾನೆಗಳಿಗೆ ಇಳಿಸುವುದಕ್ಕೆ ಗಣಕ ವಿಜ್ಞಾನಿಗಳಾದ ಕಾರ್ಟರ್ ಮತ್ತು ವೆಗ್‌ಮನ್ 1970ರ ದಶಕದಲ್ಲಿ ಕೊಟ್ಟ ಸೂತ್ರವಿದೆ:

```
((c*x + d) mod p) mod m
```

ಇಲ್ಲಿ p ಅದೇ ಅವಿಭಾಜ್ಯ; c, d ಮತ್ತೆ ಯಾದೃಚ್ಛಿಕ, c ಸೊನ್ನೆಯಾಗಬಾರದು. ಬೇರೆ ಬೇರೆಯಾದ ಎರಡು x ಒಂದೇ ಖಾನೆಗೆ ಬೀಳುವ ಸಂಭವ 1/m ಅನ್ನು ಮೀರುವುದಿಲ್ಲ. ಪುಟ್ಟ ಲೆಕ್ಕ: p = 101, m = 10 ಇರಲಿ, x ಬೆಲೆಗಳು 7, 17, 27, 37. ಕೇವಲ 5 ಕೂಡಿಸಿದರೆ ನಾಲ್ಕೂ 2ನೇ ಖಾನೆಗೆ. c = 34, d = 5 ಆದರೆ 1, 8, 4, 1. ಒಂದು ಜೋಡಿ ಇನ್ನೂ ಸೇರಿಕೊಂಡಿತು, ಅದಕ್ಕೆ ಗಾಬರಿ ಬೇಡ. ಆರು ಜೋಡಿಗಳಲ್ಲಿ ಅಷ್ಟು ನಿರೀಕ್ಷಿತವೇ.

ಈ ಭರವಸೆಗೆ ಒಂದು ಷರತ್ತಿದೆ: ಹೆಸರುಗಳನ್ನು ಆರಿಸುವವನಿಗೆ a, c, d ಗೊತ್ತಿರಬಾರದು. ನಮ್ಮ ಕೋಷ್ಟಕ ತನ್ನ ಹೆಸರುಗಳನ್ನು ಖಾನೆಗಳ ಕ್ರಮದಲ್ಲೇ ಉತ್ತರದಲ್ಲಿ ಮುದ್ರಿಸುತ್ತಿತ್ತು. ಆ ಕ್ರಮ ನೋಡುತ್ತಾ ಕುಳಿತವನು ಗುಣಕವನ್ನು ಊಹಿಸಬಲ್ಲ. ಹಾಗಾಗಿ ಹೊರಗಿನವರ ಅಕ್ಷರಗಳು ನೇರ ಬರುವ ಕಡೆ ಈಗ ಗುಪ್ತ ಕೀಲಿ ಬಳಸುವ ಹ್ಯಾಶ್ ಕ್ರಮವಾದ ಸಿಪ್‌ಹ್ಯಾಶ್ ಹಾಕಿದ್ದೇನೆ, ಮುದ್ರಿಸುವ ಮುನ್ನ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತೇನೆ.