ಎರಡನೇ ಕಾಂಪೊನೆಂಟ್‌ನಲ್ಲಿ ಭಾಷೆಗೆ ಮೈನಸ್ ಬಂತು, ಏನು ಹಾಗಂದ್ರೆ?

ಪ್ರಶ್ನೆ: ಒಂದು ತರಗತಿಯ ಐದು ವಿಷಯಗಳ ಅಂಕ ಹಾಕಿ ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್ (ಪಿಸಿಎ) ಮಾಡಿದೆ. ಮೊದಲ ಕಾಂಪೊನೆಂಟ್ 61%, ಎರಡನೆಯದು 19% ಅಂತ ಬಂತು. ಮೊದಲನೆಯದರಲ್ಲಿ ಎಲ್ಲ ವಿಷಯಗಳ ಲೋಡಿಂಗ್, ಅಂದರೆ ತೂಕ, ಪ್ಲಸ್. ಎರಡನೆಯದರಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ಪ್ಲಸ್, ಎರಡು ಭಾಷೆಗಳಿಗೆ ಮೈನಸ್. ಗಣಿತ ಚೆನ್ನಾಗಿ ಬರುವವರಿಗೆ ಭಾಷೆ ಬರುವುದಿಲ್ಲ ಅಂತ ಇದರ ಅರ್ಥವೇ?

ಉತ್ತರ: ಅಲ್ಲ. ಈ ಮೈನಸ್ ನೋಡಿ ಹೀಗೆ ಅಂದುಕೊಳ್ಳುವವರು ತುಂಬಾ ಜನ. ನಿಮ್ಮ ಅಂಕಗಳಲ್ಲಿ ಗಣಿತಕ್ಕೂ ಭಾಷೆಗೂ ಇರುವ ಸಂಬಂಧ ಪ್ಲಸ್ಸೇ ಆಗಿರಬಹುದು, ಆಗಲೂ ಈ ಮೈನಸ್ ಬಂದೇ ಬರುತ್ತದೆ. ಯಾಕೆ ಅಂತ ಲೆಕ್ಕ ಮಾಡಿಯೇ ನೋಡೋಣ.

ನಿಮ್ಮ ಅಂಕಪಟ್ಟಿ ನನ್ನ ಹತ್ತಿರ ಇಲ್ಲ. ಅದಕ್ಕೆ ನೀವು ಹೇಳಿದ ಉತ್ತರವೇ ಬರುವಂಥ ಒಂದು ಕೋರಿಲೇಶನ್ ಪಟ್ಟಿಯನ್ನು ನಾನೇ ಕಟ್ಟಿಕೊಂಡಿದ್ದೇನೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರರಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಕೋರಿಲೇಶನ್ 0.7. ಎರಡು ಭಾಷೆಗಳ ನಡುವೆ 0.6. ಒಂದು ವಿಜ್ಞಾನ ವಿಷಯಕ್ಕೂ ಒಂದು ಭಾಷೆಗೂ ನಡುವೆ 0.4. (ಗಣಿತವನ್ನೂ ವಿಜ್ಞಾನದ ಗುಂಪಿಗೇ ಸೇರಿಸಿಕೊಂಡಿದ್ದೇನೆ.) ಗಮನಿಸಿ, ಇಡೀ ಪಟ್ಟಿಯಲ್ಲಿ ಒಂದೇ ಒಂದು ಮೈನಸ್ ಇಲ್ಲ. ಆರ್ ತಂತ್ರಾಂಶದಲ್ಲಿ ನೀವೇ ಹಾಕಿ ನೋಡಬಹುದು:

```r
R <- matrix(0.4, 5, 5)
R[1:3, 1:3] <- 0.7
R[4:5, 4:5] <- 0.6
diag(R) <- 1
eigen(R)
```

ಮೊದಲ ಎರಡು ಕಾಂಪೊನೆಂಟ್‌ಗಳ ಲೋಡಿಂಗ್‌ಗಳು ಹೀಗೆ ಬರುತ್ತವೆ:

| ವಿಷಯ | ಮೊದಲನೆಯದು | ಎರಡನೆಯದು |
|---|---|---|
| ಗಣಿತ | 0.479 | 0.322 |
| ಭೌತಶಾಸ್ತ್ರ | 0.479 | 0.322 |
| ರಸಾಯನಶಾಸ್ತ್ರ | 0.479 | 0.322 |
| ಮೊದಲ ಭಾಷೆ | 0.394 | −0.587 |
| ಎರಡನೇ ಭಾಷೆ | 0.394 | −0.587 |

ನಿಮ್ಮ ಪರದೆಯಲ್ಲಿ ಒಂದು ಇಡೀ ಕಾಲಂ ಉಲ್ಟಾ ಚಿಹ್ನೆಯಲ್ಲಿ ಬಂದರೆ ಗಾಬರಿ ಬೇಡ. ಒಂದು ಕಾಂಪೊನೆಂಟ್‌ನ ಎಲ್ಲ ಚಿಹ್ನೆಗಳನ್ನು ಒಟ್ಟಿಗೆ ತಿರುಗಿಸಿದರೂ ಅದು ಅದೇ ಕಾಂಪೊನೆಂಟ್. ಮುಖ್ಯವಾದದ್ದು ಒಂದು ಕಾಲಂನ ಒಳಗೆ ಯಾರು ಯಾರ ಪಕ್ಕ, ಯಾರು ಯಾರ ಎದುರು ಅನ್ನುವುದಷ್ಟೇ.

ಈಗ ಮೈನಸ್ಸಿನ ವಿಷಯ. ಪಿಸಿಎಗೆ ಒಂದು ನಿಯಮ ಇದೆ. ಎರಡನೇ ಕಾಂಪೊನೆಂಟ್ ಮೊದಲನೆಯದಕ್ಕೆ ಲಂಬವಾಗಿರಬೇಕು. ಅಂದರೆ ಎರಡೂ ಕಾಲಂಗಳನ್ನು ಸಾಲು ಸಾಲಾಗಿ ಗುಣಿಸಿ ಕೂಡಿದರೆ ಸೊನ್ನೆ ಬರಬೇಕು. ಮೇಲಿನ ಪಟ್ಟಿಯಲ್ಲಿ ವಿಜ್ಞಾನದ ಮೂರು ಸಾಲುಗಳಿಂದ 0.46 ಬರುತ್ತದೆ, ಭಾಷೆಯ ಎರಡು ಸಾಲುಗಳಿಂದ −0.46. ಎರಡೂ ಸೇರಿ ಸೊನ್ನೆ. ಮೊದಲ ಕಾಲಂನಲ್ಲಿ ಎಲ್ಲವೂ ಪ್ಲಸ್ ಆಗಿಬಿಟ್ಟಿದೆ. ಹಾಗಿದ್ದ ಮೇಲೆ ಎರಡನೇ ಕಾಲಂನಲ್ಲಿ ಯಾವುದೋ ಒಂದಕ್ಕಾದರೂ ಮೈನಸ್ ಬರದೆ ಈ ಕೂಡಿಕೆ ಸೊನ್ನೆ ಆಗುವುದಾದರೂ ಹೇಗೆ? ಆದ್ದರಿಂದ ಮೈನಸ್ ಬಂದದ್ದು ಸುದ್ದಿಯೇ ಅಲ್ಲ. ಅದು ಯಾವ ವಿಷಯಗಳ ಮೇಲೆ ಬಿತ್ತು ಅನ್ನುವುದು ಸುದ್ದಿ.

ಅರ್ಥದಲ್ಲಿ ಹೇಳುವುದಾದರೆ, ಮೊದಲ ಕಾಂಪೊನೆಂಟ್ ಹೆಚ್ಚುಕಡಿಮೆ ಒಟ್ಟು ಅಂಕವೇ. ಐದಕ್ಕೂ ಹತ್ತಿರ ಹತ್ತಿರ ಸಮಾನ ತೂಕ ಇದೆ. ಆ ಒಟ್ಟು ಮಟ್ಟವನ್ನು ಪಕ್ಕಕ್ಕಿಟ್ಟ ಮೇಲೆ ಮಕ್ಕಳ ನಡುವೆ ಉಳಿಯುವ ವ್ಯತ್ಯಾಸಗಳಲ್ಲಿ ಅತಿ ದೊಡ್ಡದು ಎರಡನೇ ಕಾಂಪೊನೆಂಟ್. ಇಲ್ಲಿ ಅದು ‘ವಿಜ್ಞಾನದ ಕಡೆ ವಾಲಿದ್ದಾರೋ, ಭಾಷೆಯ ಕಡೆಯೋ’ ಎಂಬ ತಕ್ಕಡಿ. ತಕ್ಕಡಿ ಒಂದು ಕಡೆ ವಾಲುವುದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ.

ಮಕ್ಕಳನ್ನೇ ಇದರಲ್ಲಿ ಕೂರಿಸಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರತಿ ಅಂಕದಿಂದ ಆ ವಿಷಯದ ಸರಾಸರಿ ಕಳೆದು, ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿ. ಬಂದದ್ದನ್ನು ಲೋಡಿಂಗ್‌ನಿಂದ ಗುಣಿಸಿ ಕೂಡಿದರೆ ಆ ಮಗುವಿನ ಸ್ಕೋರ್ ಸಿಗುತ್ತದೆ. ಒಬ್ಬಳು ವಿಜ್ಞಾನದ ಮೂರರಲ್ಲೂ +1, ಭಾಷೆ ಎರಡರಲ್ಲೂ −0.5 ಅಂತಿಟ್ಟುಕೊಳ್ಳಿ. ಅವಳ ಮೊದಲ ಸ್ಕೋರ್ 1.04, ಎರಡನೆಯದು 1.55. ಇನ್ನೊಬ್ಬ ವಿಜ್ಞಾನದಲ್ಲಿ 0.2, ಭಾಷೆಯಲ್ಲಿ +1. ಅವನ ಮೊದಲ ಸ್ಕೋರ್ 1.08, ಎರಡನೆಯದು −0.98. ಮೊದಲ ಕಾಂಪೊನೆಂಟ್ ಇಬ್ಬರನ್ನೂ ಒಂದೇ ಅನ್ನುತ್ತದೆ. ಎರಡನೆಯದು ಬೇರೆ ಮಾಡುತ್ತದೆ. ಎಲ್ಲ ವಿಷಯದಲ್ಲೂ +1 ಇರುವ ಮೂರನೆಯವನನ್ನು ನೋಡಿ. ಮೊದಲ ಸ್ಕೋರ್ 2.23, ಆದರೆ ಎರಡನೆಯದು −0.21. ಎಲ್ಲದರಲ್ಲೂ ಜಾಣ, ಆದರೂ ಎರಡನೆಯದರಲ್ಲಿ ಸೊನ್ನೆಯ ಹತ್ತಿರ. ಯಾವ ಕಡೆಗೂ ಅಷ್ಟಾಗಿ ವಾಲಿಲ್ಲ ಅಂತಷ್ಟೇ ಇದು ಹೇಳುವುದು.

ಈ ಎರಡು ಮುಖದ ಚಿತ್ರ ಹೊಸದೇನಲ್ಲ. 1933ರಲ್ಲಿ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಈ ವಿಧಾನಕ್ಕೆ ಹೆಸರಿಟ್ಟು ಬರೆದ ಲೇಖನದಲ್ಲೂ ಉದಾಹರಣೆ ಶಾಲಾ ಮಕ್ಕಳ ಓದು ಮತ್ತು ಅಂಕಗಣಿತದ ಪರೀಕ್ಷೆಗಳದ್ದೇ.

ಇನ್ನು 61%. ಇದು ‘ಬುದ್ಧಿಯ 61%’ ಅಲ್ಲ. ಸ್ಟ್ಯಾಂಡರ್ಡೈಸ್ ಮಾಡಿದ ಮೇಲೆ ಪ್ರತಿ ವಿಷಯದ ವೇರಿಯನ್ಸ್, ಅಂದರೆ ಅಂಕಗಳ ಹರಡಿಕೆಯ ಅಳತೆ, 1, ಐದು ಸೇರಿ 5. ಮೊದಲ ಕಾಂಪೊನೆಂಟ್‌ನ ಐಗನ್‌ವ್ಯಾಲ್ಯೂ, ಅಂದರೆ ಅದರ ಪಾಲಿಗೆ ಬಂದ ವೇರಿಯನ್ಸ್, 3.058. ಐದರಿಂದ ಭಾಗಿಸಿದರೆ 61.2%. ಎರಡನೆಯದರದ್ದು 0.942, ಅಂದರೆ 18.8%. ಅಷ್ಟೇ ಲೆಕ್ಕ.

ಆದರೆ ಈ 61 ದೊಡ್ಡದೋ ಚಿಕ್ಕದೋ ಅಂತ ಕೇಳಿದರೆ, ಯಾವುದಕ್ಕೆ ಹೋಲಿಸಿ ಅನ್ನಬೇಕು. ವಿಷಯಗಳ ನಡುವೆ ಸಂಬಂಧವೇ ಇಲ್ಲದಿದ್ದರೂ ಪ್ರತಿ ಕಾಂಪೊನೆಂಟ್‌ಗೆ 20% ಸುಮ್ನೆ ಸಿಗುತ್ತಿತ್ತು. ಹಾಗಾಗಿ ಎಣಿಕೆ ಶುರುವಾಗುವುದು 20ರಿಂದ, ಸೊನ್ನೆಯಿಂದಲ್ಲ. ಇನ್ನೊಂದು ವಿಷಯ ನನಗೆ ಯಾವಾಗಲೂ ಇಷ್ಟ. ನಮ್ಮ ಪಟ್ಟಿಯಲ್ಲಿ ಒಟ್ಟು ಹತ್ತು ಜೋಡಿಗಳಿವೆ, ಅವುಗಳ ಕೋರಿಲೇಶನ್‌ಗಳ ಸರಾಸರಿ 0.51. ಎಲ್ಲ ಜೋಡಿಗಳಿಗೂ ಇದೇ 0.51 ಇದ್ದಿದ್ದರೆ ಮೊದಲ ಕಾಂಪೊನೆಂಟ್‌ನ ಪಾಲು (1 + 4 × 0.51) / 5, ಅಂದರೆ 60.8% ಆಗುತ್ತಿತ್ತು. ಬಂದದ್ದು 61.2. ಹೀಗೆ ಎಲ್ಲ ಕೋರಿಲೇಶನ್‌ಗಳೂ ಪ್ಲಸ್ ಆಗಿದ್ದು, ಅವುಗಳಲ್ಲಿ ತೀರಾ ವ್ಯತ್ಯಾಸ ಇಲ್ಲದಿದ್ದಾಗ ಮೊದಲ ಕಾಂಪೊನೆಂಟ್‌ನ ಪಾಲು ಸರಾಸರಿ ಕೋರಿಲೇಶನ್ ಅನ್ನೇ ಬೇರೆ ಮಾತಲ್ಲಿ ಹೇಳುತ್ತಿರುತ್ತದೆ. ‘61% ವಿವರಿಸುವ ಒಂದು ಗುಪ್ತ ಶಕ್ತಿ ಸಿಕ್ಕಿತು’ ಅಂತ ವರದಿ ಬರೆಯುವ ಮೊದಲು ಈ ಒಂದು ಗುಣಾಕಾರ ಮಾಡಿ ನೋಡಿ.

ಶೇಕಡಾ ಜಾಸ್ತಿ ಬಂದಷ್ಟೂ ಒಳ್ಳೆಯದು ಅನ್ನುವುದೂ ತಪ್ಪು. ಇದೇ ಕೋರಿಲೇಶನ್‌ಗಳನ್ನು ಇಟ್ಟುಕೊಳ್ಳೋಣ. ವಿಜ್ಞಾನದ ಅಂಕಗಳು ಜಾಸ್ತಿ ಹರಡಿವೆ, ಸ್ಟ್ಯಾಂಡರ್ಡ್ ಡೀವಿಯೇಶನ್ 18. ಭಾಷೆಯಲ್ಲಿ ಎಲ್ಲರೂ ಒಂದೇ ಕಡೆ ಗುಂಪಾಗಿದ್ದಾರೆ, 8 ಅಷ್ಟೇ. ಇದನ್ನು ಸ್ಟ್ಯಾಂಡರ್ಡೈಸ್ ಮಾಡದೆ ಹಾಗೇ ಪಿಸಿಎಗೆ ಕೊಟ್ಟರೆ ಮೊದಲ ಕಾಂಪೊನೆಂಟ್ 73% ಅಂತ ಬರುತ್ತದೆ. ಖುಷಿಪಡುವ ಮೊದಲು ಲೋಡಿಂಗ್ ನೋಡಿ. ವಿಜ್ಞಾನದ ಮೂರಕ್ಕೂ 0.57, ಭಾಷೆಗಳಿಗೆ ಬರೀ 0.14. ಭಾಷೆ ಹೆಚ್ಚುಕಡಿಮೆ ಲೆಕ್ಕದಿಂದಲೇ ಹೊರಗೆ ಹೋಗಿದೆ. ವಿಷಯಗಳ ನಡುವಿನ ಸಂಬಂಧ ಬದಲಾಗಲಿಲ್ಲ, ಅಳತೆಗೋಲು ಬದಲಾಯಿತು ಅಷ್ಟೇ. ಒಂದು ವಿಷಯಕ್ಕೆ 100 ಅಂಕ, ಇನ್ನೊಂದಕ್ಕೆ 50 ಅಂಕ ಇದ್ದಾಗಲೂ ಇದೇ ಆಗುತ್ತದೆ.

ಇದು ಗೊತ್ತಾಗದೆ ಆಗುವ ತಪ್ಪು. ಆರ್‌ನ `prcomp` ತಾನಾಗಿ ಸರಾಸರಿ ಮಾತ್ರ ಕಳೆಯುತ್ತದೆ, ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸುವುದಿಲ್ಲ. ನೀವೇ ಹೇಳಬೇಕು. ಇಲ್ಲಿ `marks` ಅಂದರೆ ನಿಮ್ಮ ಅಂಕಪಟ್ಟಿ:

```r
p <- prcomp(marks, scale. = TRUE)
summary(p)
p$rotation
```

`summary` ಕೊಡುವ `Proportion of Variance` ಸಾಲಿನಲ್ಲಿ ಈ ಪಾಲು ದಶಮಾಂಶದಲ್ಲಿ ಇರುತ್ತದೆ, 61% ಇದ್ದರೆ 0.61 ಅಂತ. ಸರಿಯಾಗಿ ಸ್ಟ್ಯಾಂಡರ್ಡೈಸ್ ಆಗಿದೆಯೇ ಅಂತ ತಿಳಿಯಲು `p$sdev` ಅನ್ನು ವರ್ಗ ಮಾಡಿ ಕೂಡಿ. ಐದು ವಿಷಯಕ್ಕೆ ಸರಿಯಾಗಿ 5 ಬರಬೇಕು. ನೂರು, ಸಾವಿರ ಅಂತ ಬಂದರೆ ನೀವು ಕೊಟ್ಟದ್ದು ಹಸಿ ಅಂಕ.

ಲೋಡಿಂಗ್ ಅನ್ನುವ ಪದದಲ್ಲೇ ಒಂದು ಗೊಂದಲ ಇದೆ. ಕೆಲವು ತಂತ್ರಾಂಶಗಳು ಮೇಲಿನ 0.479 ತರಹದ ಸಂಖ್ಯೆಗೆ ಲೋಡಿಂಗ್ ಅನ್ನುತ್ತವೆ. ಇನ್ನು ಕೆಲವು ಅದನ್ನು ಐಗನ್‌ವ್ಯಾಲ್ಯೂವಿನ ವರ್ಗಮೂಲದಿಂದ ಗುಣಿಸಿ ಕೊಡುತ್ತವೆ. ಆಗ ಗಣಿತಕ್ಕೆ 0.84, ಭಾಷೆಗೆ 0.69 ಬರುತ್ತದೆ. ಒಂದು ಕಾಲಂನ ಸಂಖ್ಯೆಗಳನ್ನು ವರ್ಗ ಮಾಡಿ ಕೂಡಿದಾಗ 1 ಬಂದರೆ ಮೊದಲ ಬಗೆ, ಐಗನ್‌ವ್ಯಾಲ್ಯೂ ಬಂದರೆ ಎರಡನೆಯದು. ಓದಲು ನನಗೆ ಎರಡನೇ ಬಗೆಯೇ ಅನುಕೂಲ. ಯಾಕೆಂದರೆ ಅದು ವಿಷಯಕ್ಕೂ ಕಾಂಪೊನೆಂಟ್‌ಗೂ ಇರುವ ನೇರ ಕೋರಿಲೇಶನ್. ಗಣಿತದ್ದನ್ನು ವರ್ಗ ಮಾಡಿದರೆ 0.70, ಅಂದರೆ ಗಣಿತದ ವೇರಿಯನ್ಸ್‌ನಲ್ಲಿ 70% ಮೊದಲ ಕಾಂಪೊನೆಂಟ್‌ನಲ್ಲೇ ಸಿಕ್ಕಿದೆ. ಭಾಷೆಗೆ ಅದು 48% ಮಾತ್ರ. 61% ಅನ್ನುವುದು ಐದರ ಸರಾಸರಿ. ಅದರ ಹಿಂದೆ ಈ ಅಸಮಾನತೆ ಅಡಗಿ ಕೂತಿರುತ್ತದೆ. ಎರಡನೇ ಕಾಂಪೊನೆಂಟ್ ಸೇರಿಸಿದರೆ ಗಣಿತಕ್ಕೆ ಇನ್ನು 10% ಸಿಗುತ್ತದೆ, ಭಾಷೆಗೆ 32%ಕ್ಕೂ ಜಾಸ್ತಿ. ಆಗ ಎರಡೂ 80%ಕ್ಕೆ ಬಂದು ನಿಲ್ಲುತ್ತವೆ.

ಅದಕ್ಕೇ ‘ಐಗನ್‌ವ್ಯಾಲ್ಯೂ 1ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ’ ಅನ್ನುವ ಚಾಲ್ತಿಯ ನಿಯಮವನ್ನು ನಾನು ಇಲ್ಲಿ ಪಾಲಿಸುವುದಿಲ್ಲ. 0.942 ಅಂತ ಎರಡನೆಯದನ್ನು ಎಸೆದರೆ ಭಾಷೆಯ ಅರ್ಧಕ್ಕಿಂತ ಹೆಚ್ಚು ವೇರಿಯನ್ಸ್ ಕೈಬಿಟ್ಟ ಹಾಗೆ. ಮೂರನೆಯದು 0.4. ಅದು ಮೊದಲ ಭಾಷೆಗೂ ಎರಡನೇ ಭಾಷೆಗೂ ಇರುವ ವ್ಯತ್ಯಾಸ ಮಾತ್ರ, ಬೇಕಾದರೆ ನೋಡಿ, ಇಲ್ಲದಿದ್ದರೆ ಬಿಡಿ. ಕೊನೆಯ ಎರಡರ ಲೋಡಿಂಗ್‌ಗಳಿಗಂತೂ ಅರ್ಥ ಹುಡುಕಲೇ ಹೋಗಬೇಡಿ. ಎರಡರ ಐಗನ್‌ವ್ಯಾಲ್ಯೂ ಕೂಡ 0.3, ಸಮ. ಹಾಗೆ ಸಮವಾದಾಗ ಅವೆರಡನ್ನೂ ತಮ್ಮ ಸಮತಲದಲ್ಲಿ ಹೇಗೆ ಬೇಕಾದರೂ ತಿರುಗಿಸಬಹುದು, ತಂತ್ರಾಂಶ ಅದರಲ್ಲಿ ಯಾವುದೋ ಒಂದನ್ನು ಮುದ್ರಿಸಿರುತ್ತದೆ. ನಿಜವಾದ ಅಂಕಗಳಲ್ಲಿ ಹೀಗೆ ಪೂರ್ತಿ ಸಮ ಆಗುವುದಿಲ್ಲ. ಆದರೆ ಹತ್ತಿರ ಹತ್ತಿರ ಇದ್ದರೆ ಹತ್ತು ಮಕ್ಕಳನ್ನು ಪಟ್ಟಿಯಿಂದ ತೆಗೆದು ಮತ್ತೆ ಓಡಿಸಿ ನೋಡಿ. ಲೋಡಿಂಗ್‌ಗಳು ಎಲ್ಲಿಂದೆಲ್ಲಿಗೋ ಹಾರಿದರೆ ಅವುಗಳಿಗೆ ಹೆಸರಿಡುವ ಗೋಜಿಗೆ ಹೋಗಬೇಡಿ.