ನಾಯಿ ಜೊತೆ ರೈಲು ಹತ್ತುವ ಮುನ್ನ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಕ್ಲಿನಿಕ್ಕಿನಲ್ಲಿ ಒಂದೇ ಬೇಡಿಕೆ: "ಡಾಕ್ಟ್ರೇ, ನಾಳೆ ರಾತ್ರಿ ಟ್ರೈನಿಗೆ ಹೊರಟಿದ್ದೀವಿ, ಒಂದು ಫಿಟ್ನೆಸ್ ಸರ್ಟಿಫಿಕೇಟ್ ಬರ್ಕೊಡಿ." ಅಷ್ಟು ಹೊತ್ತಿಗೆ ಟಿಕೆಟ್ ಆಗಿರುತ್ತದೆ, ಹೋಂಸ್ಟೇಗೆ ಅಡ್ವಾನ್ಸ್ ಹೋಗಿರುತ್ತದೆ. ನಾಯಿಗೆ ಪ್ರಯಾಣ ಮಾಡುವ ಆರೋಗ್ಯ ಇದೆಯೇ, ಅದನ್ನು ಯಾವ ಬೋಗಿಯಲ್ಲಿ ಬಿಡುತ್ತಾರೆ, ಇಳಿದ ಜಾಗದಲ್ಲಿ ರಾತ್ರಿ ಎಲ್ಲಿ ಮಲಗುತ್ತದೆ ಎಂಬ ಮೂರು ಪ್ರಶ್ನೆಗಳು ಮಾತ್ರ ಉಳಿದಿರುತ್ತವೆ. ನಾಯಿ ಜೊತೆ ಹೋಗುವುದಾದರೆ ಈ ಮೂರೂ ಮೊದಲು ಬರಬೇಕು, ಅಡ್ವಾನ್ಸ್ ಆಮೇಲೆ.

ಬೆಂಗಳೂರಿನ ಒಂದು ದಂಪತಿಯ ಪ್ರಯಾಣವನ್ನೇ ತೆಗೆದುಕೊಳ್ಳುತ್ತೇನೆ. ಅವರ ಬ್ರೂನೊ ನಾಲ್ಕು ವರ್ಷದ ಲ್ಯಾಬ್ರಡಾರ್, 31 ಕೆ.ಜಿ. ರಾತ್ರಿ ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಕಾರಿನಲ್ಲಿ ಯಲ್ಲಾಪುರದ ಕಡೆ ಅಡಿಕೆ ತೋಟದೊಳಗಿನ ಒಂದು ಹೋಂಸ್ಟೇ, ನಾಲ್ಕು ದಿನ ಇದ್ದು ವಾಪಸ್. ಇದು ಅವರ ಯೋಜನೆ.

ಮೊದಲು ರೈಲಿನ ಮಾತು. ದೊಡ್ಡ ನಾಯಿಯನ್ನು ನಮ್ಮ ಜೊತೆಯಲ್ಲೇ ಇಟ್ಟುಕೊಂಡು ಹೋಗಲು ಇರುವ ಜಾಗ ಫಸ್ಟ್ ಕ್ಲಾಸ್ ಮಾತ್ರ, ಅಂದರೆ ಬಹುತೇಕ ರೈಲುಗಳಲ್ಲಿ ಫಸ್ಟ್ ಎಸಿ. ಸ್ಲೀಪರ್, ಟೂ ಟಯರ್, ತ್ರೀ ಟಯರ್, ಚೇರ್ ಕಾರ್ ಯಾವುದರಲ್ಲೂ ಬಿಡುವುದಿಲ್ಲ. ಬುಟ್ಟಿಯಲ್ಲಿ ಹಿಡಿಸುವ ಪುಟ್ಟ ಮರಿಗಳಿಗೆ ಮಾತ್ರ ವಿನಾಯಿತಿ ಇದೆ, ಅದಕ್ಕೂ ಬುಕಿಂಗ್ ಮಾಡಿಸಲೇಬೇಕು. ಬುಕ್ ಮಾಡದೆ ಹತ್ತಿಸಿ ಸಿಕ್ಕಿಬಿದ್ದರೆ ಲಗೇಜ್ ದರದ ಆರು ಪಟ್ಟು ವಸೂಲಾಗುತ್ತದೆ.

ಫಸ್ಟ್ ಎಸಿಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳು ಎರಡು ಬಗೆ. ಎರಡು ಬರ್ತ್‌ನದು ಕೂಪೆ, ನಾಲ್ಕು ಬರ್ತ್‌ನದು ಕ್ಯಾಬಿನ್. ಇಬ್ಬರೇ ಹೋಗುವುದಾದರೆ ನಮಗೆ ಬೇಕಾದ್ದು ಕೂಪೆ. ಎಡವುವುದು ಇಲ್ಲೇ. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ಕೂಪೆ ಬೇಕೆಂದು ಆರಿಸಿದರೂ ಅದೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ, ನಾಯಿಯ ಟಿಕೆಟನ್ನಂತೂ ಅಲ್ಲಿ ಮಾಡಲು ಬರುವುದಿಲ್ಲ. ಟಿಕೆಟ್ ಕನ್ಫರ್ಮ್ ಅಂತ ಬಂದಿರುತ್ತದೆ, ಆದರೆ ಯಾವ ಕೋಣೆ ಎಂಬುದು ಚಾರ್ಟ್ ಆದ ಮೇಲೆಯೇ ಗೊತ್ತಾಗುವುದು.

ಹಾಗಾಗಿ ಬ್ರೂನೊ ಮನೆಯವರು ಇಬ್ಬರ ಟಿಕೆಟನ್ನೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದರು. ಪ್ರಯಾಣಕ್ಕೆ ಮೊದಲೇ ರೈಲ್ವೆಯ ವಿಭಾಗೀಯ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಹೋಗಿ, ಪಿಎನ್‌ಆರ್ ನಂಬರ್ ಹಾಕಿ, ಜೊತೆಯಲ್ಲಿ ನಾಯಿ ಇದೆ, ದಯವಿಟ್ಟು ಕೂಪೆ ಕೊಡಿ ಎಂದು ಅರ್ಜಿ ಕೊಟ್ಟರು. ಸಾಮಾನ್ಯವಾಗಿ ಈ ಅರ್ಜಿಗೆ ಬೆಲೆ ಸಿಗುತ್ತದೆ, ಆದರೆ ಖಾತ್ರಿ ಇಲ್ಲ. ಕೂಪೆಗಳು ಇರುವುದೇ ಕೆಲವು, ಅವಕ್ಕೆ ಬೇಡಿಕೆ ಇಡುವವರು ಬೇರೆಯವರೂ ಇರುತ್ತಾರೆ. ಚಾರ್ಟ್‌ನಲ್ಲಿ ಕೂಪೆ ಬಂದರೆ ಆಧಾರ್, ಟಿಕೆಟ್ ಪ್ರತಿ, ಲಸಿಕೆ ಪುಸ್ತಕ, ಫಿಟ್ನೆಸ್ ಸರ್ಟಿಫಿಕೇಟ್ ಹಿಡಿದುಕೊಂಡು ನಾಯಿ ಸಮೇತ ನಿಲ್ದಾಣದ ಪಾರ್ಸೆಲ್ ಆಫೀಸಿಗೆ ಹೋಗಬೇಕು. ರೈಲು ಹೊರಡುವ ಎರಡು ಗಂಟೆ ಮೊದಲಾದರೂ ಅಲ್ಲಿರಿ. ಫಾರಂ ತುಂಬಿ ಹಣ ಕಟ್ಟಿದರೆ ರಸೀದಿ ಕೊಡುತ್ತಾರೆ. ಟಿಟಿಇ ಕೇಳುವುದು ಆ ರಸೀದಿಯನ್ನೇ, ಅದೇ ನಾಯಿಯ ಟಿಕೆಟ್.

ಕೂಪೆ ಸಿಗದೆ ಬೇರೆಯವರ ಜೊತೆ ಕ್ಯಾಬಿನ್ ಸಿಕ್ಕರೆ? ಸಹಪ್ರಯಾಣಿಕರ ಒಪ್ಪಿಗೆ ಇರಲೇಬೇಕು. ಯಾರಾದರೂ ಬೇಡ ಎಂದರೆ ನಾಯಿ ಗಾರ್ಡ್ ಬೋಗಿಯ ಡಾಗ್ ಬಾಕ್ಸ್‌ಗೆ ಹೋಗುತ್ತದೆ. ನಿಯಮದ ಪ್ರಕಾರ ಅದೂ ಒಂದು ವ್ಯವಸ್ಥೆಯೇ, ಆದರೆ ನನ್ನ ರೋಗಿಗಳಿಗೆ ನಾನು ಅದನ್ನು ಒಪ್ಪುವುದಿಲ್ಲ. ಲ್ಯಾಬ್ರಡಾರ್‌ನಂಥ ನಾಯಿಗೆ ಒಳಗೆ ಸರಿಯಾಗಿ ತಿರುಗಲೂ ಆಗದಷ್ಟು ಇಕ್ಕಟ್ಟು, ಕಬ್ಬಿಣದ ಸದ್ದು, ಸೆಕೆ. ನೀರು ಕೊಡಬೇಕೆಂದರೆ ರೈಲು ನಿಂತಾಗ ನೀವೇ ಓಡಬೇಕು. ಕೂಪೆ ಸಿಗದಿದ್ದರೆ ಟಿಕೆಟ್ ಬಿಟ್ಟು ಕಾರಿನಲ್ಲಿ ಹೋಗುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದಕ್ಕೆ ಮನಸ್ಸಿಲ್ಲದಿದ್ದರೆ ನಾಯಿಯನ್ನು ಮನೆಯವರ ಹತ್ತಿರ ಬಿಟ್ಟು ಹೋಗುವುದೇ ಅದಕ್ಕೆ ಸುಖ.

ಈಗ ಸರ್ಟಿಫಿಕೇಟ್. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಯಿ, ಬೆಕ್ಕುಗಳನ್ನು ಸಾಗಿಸಲು ಅರ್ಹ ಪಶುವೈದ್ಯರ ಪ್ರಮಾಣಪತ್ರ ಬೇಕು. ಪ್ರಾಣಿ ಪ್ರಯಾಣಕ್ಕೆ ಯೋಗ್ಯವಾಗಿದೆ, ರೇಬೀಸ್ ಸೇರಿದಂತೆ ಯಾವುದೇ ಸಾಂಕ್ರಾಮಿಕ ರೋಗದ ಲಕ್ಷಣ ಇಲ್ಲ ಎಂದು ಅದರಲ್ಲಿ ಬರೆಯಬೇಕು. ತುಂಬು ಗಬ್ಬದ ನಾಯಿಗೆ ಪ್ರಯಾಣವೇ ಇಲ್ಲ. ರೈಲಿಗೆ ಹೊರಡುವ 24ರಿಂದ 48 ಗಂಟೆಯೊಳಗೆ ಪರೀಕ್ಷೆ ಮಾಡಿಸಿ ಪಡೆದ ಪತ್ರ ಇರಬೇಕು. ಶುಕ್ರವಾರ ರಾತ್ರಿಯ ರೈಲಿಗೆ ಸೋಮವಾರದ ಪತ್ರ ತೋರಿಸಿದರೆ ಪಾರ್ಸೆಲ್ ಆಫೀಸಿನಲ್ಲಿ ತಕರಾರು ಖಂಡಿತ.

ಬ್ರೂನೊ ಬಂದದ್ದು ಗುರುವಾರ ಬೆಳಿಗ್ಗೆ. ಬಾಲ ಆಡಿಸಿಕೊಂಡೇ ಬಂದ. "ಎರಡು ದಿನದಿಂದ ಊಟ ಸ್ವಲ್ಪ ಕಮ್ಮಿ, ಅಷ್ಟೇ" ಎಂದರು. ಟೆಂಪರೇಚರ್ ನೋಡಿದರೆ 103.8. ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ತುಟಿ ಎತ್ತಿ ನೋಡಿದಾಗ ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿತ್ತು. ದವಡೆಯ ಕೆಳಗಿನ, ಮೊಣಕಾಲ ಹಿಂದಿನ ಗ್ರಂಥಿಗಳು ಕೈಗೆ ಸಿಗುವಷ್ಟು ಊದಿದ್ದವು. ಎಡಗಿವಿಯ ಮಡಿಕೆಯೊಳಗೆ ರಕ್ತ ಕುಡಿದು ಉಬ್ಬಿದ ಒಂದು ಉಣ್ಣೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 58 ಸಾವಿರಕ್ಕೆ ಇಳಿದಿತ್ತು, ಎರಡು ಲಕ್ಷದ ಮೇಲೆ ಇರಬೇಕಾದ್ದು. ಉಣ್ಣೆಯಿಂದ ಹರಡುವ ಎರ್ಲಿಕಿಯೋಸಿಸ್, ಮನೆಮಾತಿನಲ್ಲಿ ಟಿಕ್ ಫೀವರ್. ನಾನು ಸರ್ಟಿಫಿಕೇಟ್ ಕೊಡಲಿಲ್ಲ.

ಅವರಿಗೆ ಬೇಸರವಾಯಿತು, ಸಹಜವೇ. ಆದರೆ ಪ್ಲೇಟ್‌ಲೆಟ್ ಅಷ್ಟು ಕಡಿಮೆ ಇರುವ ನಾಯಿಗೆ ಪ್ರಯಾಣದ ಮಧ್ಯೆ ಮೂಗಿನಿಂದ ರಕ್ತ ಬರಲು ಶುರುವಾದರೆ, ರಾತ್ರಿ ಎರಡು ಗಂಟೆಗೆ ಓಡುವ ರೈಲಿನಲ್ಲಿ ಮಾಡುವುದೇನು? ಡಾಕ್ಸಿಸೈಕ್ಲಿನ್ ನಾಲ್ಕು ವಾರ ಕೊಟ್ಟೆವು. ಜ್ವರ ಬೇಗ ಇಳಿಯಿತು, ಪ್ಲೇಟ್‌ಲೆಟ್ ಸಹಜಕ್ಕೆ ಬಂದದ್ದನ್ನು ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆ ಅವರು ಹೊಸ ದಿನಾಂಕಕ್ಕೆ ಟಿಕೆಟ್ ಮಾಡಿದರು. ಫೋಟೊ ನೋಡಿ ವಾಟ್ಸಾಪ್‌ನಲ್ಲೇ ಸರ್ಟಿಫಿಕೇಟ್ ಕೊಡಿ ಎಂದು ಕೇಳುವವರಿಗೆ ಬ್ರೂನೊ ವಿಷಯ ಹೇಳುತ್ತೇನೆ. ಒಸಡು, ಗ್ರಂಥಿ, ಜ್ವರ ಯಾವುದೂ ಫೋಟೊದಲ್ಲಿ ಸಿಗುವುದಿಲ್ಲ.

ಪತ್ರ ಕೈಗೆ ಬಂದ ಮೇಲೆ ಲಸಿಕೆ ಪುಸ್ತಕದ ಪಕ್ಕದಲ್ಲಿಟ್ಟು ಓದಿ. ಹೆಸರು, ತಳಿ, ಬಣ್ಣ, ವಯಸ್ಸು, ಗಂಡೋ ಹೆಣ್ಣೋ, ಎಲ್ಲ ಎರಡರಲ್ಲೂ ಒಂದೇ ಇರಬೇಕು. ಪುಸ್ತಕದಲ್ಲಿ ಮರಿಯಾಗಿದ್ದಾಗ ಬರೆಸಿದ ಹೆಸರು, ಪತ್ರದಲ್ಲಿ ಈಗ ಕರೆಯುವ ಹೆಸರು ಇದ್ದರೆ ಅದು ಬೇರೆ ನಾಯಿಯ ಪುಸ್ತಕ ಅನ್ನಿಸುತ್ತದೆ. ವೈದ್ಯರ ಸಹಿ, ಸೀಲು, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ. ರೇಬೀಸ್ ಲಸಿಕೆಯ ಅವಧಿ ಮುಗಿದಿರಬಾರದು. ಮೊದಲ ಬಾರಿ ರೇಬೀಸ್ ಲಸಿಕೆ ಪಡೆಯುವ ನಾಯಿಯ ಮೈಯಲ್ಲಿ ರಕ್ಷಣೆ ಬೆಳೆಯಲು ಸುಮಾರು ಮೂರು ವಾರ ಬೇಕು, ಆದ್ದರಿಂದ ಹೊರಡುವ ಹಿಂದಿನ ದಿನ ಚುಚ್ಚಿಸಿ ಪುಸ್ತಕ ತುಂಬಿಸುವುದರಿಂದ ನಾಯಿಗೆ ಪ್ರಯೋಜನವಿಲ್ಲ. ಪ್ರಯಾಣಕ್ಕೆ ಒಂದು ತಿಂಗಳ ಮೊದಲೇ ಒಮ್ಮೆ ಕರೆತನ್ನಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಲಸಿಕೆಗೂ ಸಮಯ ಸಿಗುತ್ತದೆ, ಉಣ್ಣೆ ಜ್ವರದಂಥದ್ದು ಇದ್ದರೆ ವಾಸಿ ಮಾಡಲೂ ಸಮಯ ಇರುತ್ತದೆ.

ನಿದ್ದೆ ಮಾತ್ರೆ ಕೇಳುವವರು ಬಹಳ. ಕೊಡುವುದಿಲ್ಲ. ಮಂಪರಿನ ಔಷಧಿ ರಕ್ತದೊತ್ತಡ ಇಳಿಸುತ್ತದೆ, ಮೈಯ ಶಾಖವನ್ನು ಸರಿದೂಗಿಸುವ ಶಕ್ತಿ ಕುಗ್ಗಿಸುತ್ತದೆ. ಪಗ್, ಶಿಹ್ ಟ್ಸು ತರಹದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟಕ್ಕೇ ಅಪಾಯ. ವಿಮಾನದಲ್ಲಿ ಕಾರ್ಗೊಗೆ ಹಾಕುವುದಾದರೆ ಇದು ಇನ್ನೂ ಗಂಭೀರ, ಚಪ್ಪಟೆ ಮೂಗಿನ ತಳಿಗಳನ್ನು ಎಷ್ಟೋ ಏರ್‌ಲೈನ್‌ಗಳು ಕಾರ್ಗೊದಲ್ಲಿ ಒಪ್ಪಿಕೊಳ್ಳುವುದೇ ಇಲ್ಲ. ರೈಲಿಗೆ ಹೊರಡುವ ನಾಲ್ಕೈದು ಗಂಟೆ ಮೊದಲು ಹಗುರವಾದ ಊಟ, ಆಮೇಲೆ ಉದ್ದದ ವಾಕಿಂಗ್, ಸ್ವಲ್ಪ ಸ್ವಲ್ಪ ನೀರು. ಹುಬ್ಬಳ್ಳಿವರೆಗಿನ ಒಂದು ರಾತ್ರಿಯನ್ನು ಆರೋಗ್ಯವಂತ ದೊಡ್ಡ ನಾಯಿ ತಡೆದುಕೊಳ್ಳುತ್ತದೆ. ಅರಸೀಕೆರೆಯಲ್ಲೋ ದಾವಣಗೆರೆಯಲ್ಲೋ ಐದು ನಿಮಿಷ ನಿಂತಿತೆಂದು ಮಧ್ಯರಾತ್ರಿ ಇಳಿಸಬೇಡಿ. ಪಟ್ಟಿ ಕೈ ತಪ್ಪಿದರೆ ಹಳಿಗಳ ಮೇಲೆ ಹುಡುಕುವುದು ಕಷ್ಟ. ಘಟ್ಟದ ತಿರುವುಗಳಲ್ಲಿ ಕಾರಿನೊಳಗೆ ವಾಂತಿ ಮಾಡುವ ನಾಯಿಗೆ ಮರೋಪಿಟೆಂಟ್ ಮಾತ್ರೆ ಇದೆ. ಅದು ಮಂಪರು ಬರಿಸುವ ಔಷಧಿ ಅಲ್ಲ, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಹೊರಡುವ ಮುಂಚೆ ಕೊಡಬಹುದು.

ಇನ್ನು ಉಳಿದುಕೊಳ್ಳುವ ಜಾಗ. "ಪೆಟ್ ಫ್ರೆಂಡ್ಲಿ" ಎಂದು ಬರೆದುಕೊಂಡ ಮಾತ್ರಕ್ಕೆ ನಂಬಬೇಡಿ. ಎಷ್ಟೋ ಕಡೆ ಅದರ ಅರ್ಥ ನಾಯಿ ಕಾಂಪೌಂಡಿನೊಳಗೆ ಇರಬಹುದು, ರಾತ್ರಿ ಹೊರಗಿನ ಶೆಡ್ಡಿನಲ್ಲಿ ಕಟ್ಟಿ ಎಂದು. ಮಲೆನಾಡಿನ ತೋಟಗಳ ಸುತ್ತ ಚಿರತೆ ಓಡಾಡುತ್ತದೆ, ಹೊರಗೆ ಕಟ್ಟಿದ ನಾಯಿಯನ್ನು ಅದು ಬಿಡುವುದಿಲ್ಲ. ಆದ್ದರಿಂದ ಫೋನಿನಲ್ಲೇ ಕೇಳಿ: "ಅಣ್ಣಾ, ರಾತ್ರಿ ನಾಯಿ ನಮ್ಮ ರೂಮಿನೊಳಗೇ ಮಲಗಬಹುದಾ?" ಎರಡನೆಯದು, ಅವರ ಮನೆಯಲ್ಲಿ ನಾಯಿಗಳಿವೆಯೇ, ಬಿಟ್ಟಿರುತ್ತಾರಾ ಅಥವಾ ಕಟ್ಟಿರುತ್ತಾರಾ. ತೋಟದ ನಾಯಿಗೆ ಅದು ಅದರ ಜಾಗ, ಪಟ್ಟಣದ ನಾಯಿ ಎಷ್ಟೇ ಸಾಧುವಾದರೂ ಒಳಗೆ ಬಂದರೆ ಮೇಲೆ ಬೀಳುತ್ತದೆ. ತೋಟದಲ್ಲಿ, ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದಾರಾ ಎಂದೂ ಕೇಳಿ. ಇದನ್ನು ಯಾರೂ ಕೇಳುವುದಿಲ್ಲ, ಲ್ಯಾಬ್ರಡಾರ್ ಮಾತ್ರ ಸಿಕ್ಕಿದ್ದೆಲ್ಲ ತಿನ್ನುತ್ತದೆ.

ಉತ್ತರ ಕನ್ನಡ, ಶಿವಮೊಗ್ಗದ ಕಾಡಂಚಿಗೆ ಹೋಗುವವರಿಗೆ ಉಣ್ಣೆಯದೇ ದೊಡ್ಡ ಚಿಂತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ, ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ, ಅಂದರೆ ಸರಿಯಾಗಿ ನಮ್ಮ ರಜೆಯ ಕಾಲ. ಕಾಡಿನಲ್ಲಿ ಸುತ್ತಿ ಬಂದ ನಾಯಿ ಮೈಮೇಲೆ ಉಣ್ಣೆಯನ್ನು ಹಾಸಿಗೆಯವರೆಗೂ ಹೊತ್ತು ತರುತ್ತದೆ. ನಾಯಿಗೆ ತಿನ್ನಿಸುವ ಉಣ್ಣೆ ಮಾತ್ರೆ ಒಳ್ಳೆಯದೇ, ಆದರೆ ಉಣ್ಣೆ ಕಚ್ಚಿದ ಮೇಲೆಯೇ ಅದು ಸಾಯುವುದು, ಕೂದಲಿಗೆ ಅಂಟಿಕೊಂಡು ಬರುವುದನ್ನು ಮಾತ್ರೆ ತಡೆಯುವುದಿಲ್ಲ. ಹಾಗಾಗಿ ನಾಯಿಯನ್ನು ಹಗ್ಗದಲ್ಲೇ ಹಿಡಿದುಕೊಳ್ಳಿ, ತರಗೆಲೆ ರಾಶಿಯೊಳಗೆ ನುಗ್ಗಲು ಬಿಡಬೇಡಿ. ಪ್ರತಿ ಸಂಜೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಕೆಳಗೆ, ತೊಡೆಸಂದಿಯಲ್ಲಿ ಬೆರಳಾಡಿಸಿ ನೋಡಿ. ಸಿಕ್ಕರೆ ಗ್ಲೌಸ್ ಹಾಕಿಕೊಂಡು, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹಿಸುಕುವುದು, ಸೀಮೆಎಣ್ಣೆ ಹಚ್ಚುವುದು ಬೇಡ.

ಕೊನೆಗೆ, ಮರೆಯುವ ಒಂದು ವಿಷಯ: ವಾಪಸ್ ಬರುವ ರೈಲಿಗೆ ಹೊಸ ಸರ್ಟಿಫಿಕೇಟ್ ಬೇಕು. ಹೋಗುವಾಗಿನದು ನಾಲ್ಕು ದಿನಕ್ಕೆ ಹಳತಾಗಿರುತ್ತದೆ. ಬ್ರೂನೊ ಮನೆಯವರಿಗೆ ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಹೊರಡುವ ಹಿಂದಿನ ದಿನ ತೋರಿಸಲು ಹೇಳಿದ್ದೆ. ಭಾನುವಾರ, ಸರ್ಕಾರಿ ರಜೆ ನೋಡಿಕೊಂಡು ವಾಪಸ್ ದಿನ ಇಟ್ಟುಕೊಳ್ಳಿ. ಬಂದ ಮೇಲೆ ಮೂರು ವಾರದವರೆಗೆ ನಾಯಿ ಊಟ ಬಿಟ್ಟರೆ, ಮಂಕಾದರೆ ಕಾಯದೆ ಕರೆತನ್ನಿ, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲೇ ಹೇಳಿ. ಮನೆಯವರಲ್ಲಿ ಯಾರಿಗಾದರೂ ಜ್ವರ ಬಂದರೂ ಅಷ್ಟೇ, ಕಾಡಿಗೆ ಹೋಗಿ ಬಂದದ್ದನ್ನು ನಿಮ್ಮ ವೈದ್ಯರಿಗೆ ತಿಳಿಸಿ.